ನೂರರಲ್ಲಿ 51 ಗೆದ್ದರೂ ಅಸಲು ಹುಟ್ಟುವುದಿಲ್ಲ ಏಕೆ?

ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ಮೇಲೆ -110 ದರದಲ್ಲಿ, ಪ್ರತಿ ಸಲವೂ ಒಂದೇ ಮೊತ್ತ ಕಟ್ಟಿ ನೂರು ಬೆಟ್ ಆಡಿದೆ. 51 ಗೆದ್ದೆ, 49 ಸೋತೆ. ಗೆಲುವೇ ಹೆಚ್ಚಿದ್ದರೂ ಖಾತೆಯಲ್ಲಿ ದುಡ್ಡು ಕಡಿಮೆಯಾಗಿದೆ. ಹಾಗಾದರೆ ನೂರಕ್ಕೆ ಎಷ್ಟು ಗೆಲ್ಲಬೇಕು? 60ರ ಗುರಿ ಇಟ್ಟುಕೊಂಡರೆ ಸರಿಯೇ?

ಉತ್ತರ: ಲೆಕ್ಕ ತಪ್ಪಿಲ್ಲ, ನಿಮ್ಮ ದುಡ್ಡು ಹೋಗಿರಲೇಬೇಕು. -110 ಎಂದರೆ 100 ಡಾಲರ್ ಗೆಲ್ಲಲು 110 ಡಾಲರ್ ಕಟ್ಟಬೇಕು ಎಂದರ್ಥ. ಗೆದ್ದಾಗ ಕಟ್ಟಿದ 110 ವಾಪಸ್ ಬಂದು ಮೇಲೆ 100 ಸಿಗುತ್ತದೆ, ಸೋತಾಗ ಇಡೀ 110 ಹೋಗುತ್ತದೆ. 51 ಗೆಲುವಿನಿಂದ ಬಂದದ್ದು 5,100. 49 ಸೋಲಿನಿಂದ ಹೋದದ್ದು 5,390. ಕೈಬಿಟ್ಟದ್ದು 290 ಡಾಲರ್.

ಅಸಲು ಹುಟ್ಟಬೇಕಾದರೆ ಎಷ್ಟು ಗೆಲ್ಲಬೇಕು ಎಂಬುದನ್ನು ಹೀಗೆ ನೋಡಿ. 21 ಬೆಟ್‌ಗಳಲ್ಲಿ 11 ಗೆದ್ದು 10 ಸೋತರೆ ಬರುವುದು 1,100, ಹೋಗುವುದೂ 1,100. ಅಲ್ಲಿಗೆ ಚುಕ್ತಾ. 11ನ್ನು 21ರಿಂದ ಭಾಗಿಸಿದರೆ ಶೇ. 52.38. ಇದೇ ನಿಮ್ಮ ಬ್ರೇಕ್-ಈವನ್ ಗೆರೆ. ಯಾವುದೇ ಮೈನಸ್ ದರಕ್ಕೂ ಸೂತ್ರ ಒಂದೇ: ಕಟ್ಟುವ ಮೊತ್ತವನ್ನು, ಕಟ್ಟುವ ಮೊತ್ತ ಮತ್ತು ಗೆಲ್ಲುವ ಮೊತ್ತ ಎರಡೂ ಸೇರಿದ್ದರಿಂದ ಭಾಗಿಸಿ.

```
110 / (110 + 100) = 0.5238
```

50ಕ್ಕೂ 52.38ಕ್ಕೂ ನಡುವೆ ಇರುವುದು ಬುಕ್ಕಿಯ ಪಾಲು. ಪಂದ್ಯದ ಎರಡೂ ಕಡೆಗೆ ತಲಾ 110 ಬಿದ್ದರೆ ಅವನ ಕೈಗೆ 220 ಬರುತ್ತದೆ. ಗೆದ್ದವನಿಗೆ 210 ಕೊಟ್ಟು 10 ಇಟ್ಟುಕೊಳ್ಳುತ್ತಾನೆ. ಯಾರು ಗೆದ್ದರೂ ಅವನಿಗೆ ಸುಮಾರು ಶೇ. 4.5 ಉಳಿಯುತ್ತದೆ. ನಾಣ್ಯ ಚಿಮ್ಮಿ ಬೆಟ್ ಕಟ್ಟುವವನು ಕಾಲಕ್ರಮದಲ್ಲಿ ಕಳೆದುಕೊಳ್ಳುವುದೂ ಅಷ್ಟೇ.

ಇನ್ನು ಗುರಿಯ ಮಾತು. ಗೆರೆಯಿಂದ ಮೇಲೆ ಒಂದೊಂದು ಶೇಕಡಾಗೂ ಬೆಲೆ ದೊಡ್ಡದು. ಶೇ. 53 ಗೆದ್ದರೆ ಕಟ್ಟಿದ ಒಟ್ಟು ದುಡ್ಡಿನ ಮೇಲೆ ಶೇ. 1.2ರಷ್ಟು ಲಾಭ, 54ಕ್ಕೆ ಸುಮಾರು 3, 55ಕ್ಕೆ ಸರಿಯಾಗಿ 5. ನೀವು ಹೇಳಿದ 60ಕ್ಕೆ 14.5. ಪ್ರತಿ ಬೆಟ್‌ಗೂ ಸರಾಸರಿ 14.5 ಕೊಡುವ ಜಾಣತನ ಒಬ್ಬನಲ್ಲಿದ್ದರೆ ಬುಕ್ಕಿಗಳು ಬೇಗನೆ ಅವನನ್ನು ಗುರುತಿಸಿ ಬೆಟ್ಟಿನ ಮಿತಿ ಇಳಿಸುತ್ತಾರೆ, ಅಂಥವರ ದುಡ್ಡು ಬಿದ್ದ ಕೂಡಲೇ ಲೈನ್, ಅಂದರೆ ಬುಕ್ಕಿ ಇಟ್ಟ ಅಂತರ ಮತ್ತು ದರ, ಸರಿಯುತ್ತದೆ. ಆದ್ದರಿಂದ ಸಾವಿರಾರು ಬೆಟ್‌ಗಳ ಮೇಲೆ 60 ನಿಲ್ಲುವುದಿಲ್ಲ. 60 ಗೆಲ್ಲಿಸುತ್ತೇವೆ ಎಂದು ಟಿಪ್ಸ್ ಮಾರುವವರನ್ನು ನಂಬದಿರುವುದೇ ಕ್ಷೇಮ. ಬಲವಾದ ತಂಡ ಇಷ್ಟು ಪಾಯಿಂಟಿಗಿಂತ ಹೆಚ್ಚಿನ ಅಂತರದಲ್ಲಿ ಗೆಲ್ಲಬೇಕು ಎಂದು ಬುಕ್ಕಿ ಇಡುವ ಅಂಕಿಯೇ ಸ್ಪ್ರೆಡ್, -3 ಎಂದರೆ ಮೂರಕ್ಕಿಂತ ಹೆಚ್ಚು. ಇಂಥ ಸ್ಪ್ರೆಡ್ ಬೆಟ್‌ನಲ್ಲಿ 53ರಿಂದ 55 ಎಂಬುದು ನಿಜವಾಗಿ ಆಡಬಲ್ಲವರ ಜಾಗ. ಅಲ್ಲಿಯೂ 55 ಎಂದರೆ ಬಹಳ ಒಳ್ಳೆಯದು. ಬಹುಪಾಲು ಜನ ಗೆರೆಯ ಕೆಳಗೇ ಇರುತ್ತಾರೆ.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸೋಣ. ಒಬ್ಬ ಆಟಗಾರನ ಪಟ್ಟಿಯಲ್ಲಿ 200 ಬೆಟ್ ಇವೆ ಎನ್ನಿ: 106 ಗೆಲುವು, 90 ಸೋಲು, 4 ಪುಶ್. ಪುಶ್ ಎಂದರೆ ಅಂತರ ಸ್ಪ್ರೆಡ್‌ಗೆ ಸರಿಸಮವಾಗಿ ಬಂದು ಕಟ್ಟಿದ ದುಡ್ಡು ವಾಪಸ್ ಆದದ್ದು. ಇದನ್ನು ಲೆಕ್ಕಕ್ಕೆ ಸೇರಿಸಬಾರದು. 106ನ್ನು 200ರಿಂದ ಭಾಗಿಸಿ 53 ಎಂದುಕೊಳ್ಳುವವರು ಬಹಳ. ಸರಿಯಾದದ್ದು 196ರಿಂದ ಭಾಗಿಸುವುದು, ಅಂದರೆ 54.1. ಬಂದದ್ದು 10,600, ಹೋದದ್ದು 9,900, ಲಾಭ 700 ಡಾಲರ್.

ಇದೇ ಪಟ್ಟಿಯ ಎಲ್ಲ ಬೆಟ್‌ಗಳನ್ನೂ -115ಕ್ಕೆ ಆಡಿದ್ದರೆ? ಪ್ರತಿ ಸೋಲಿಗೂ 5 ಡಾಲರ್ ಹೆಚ್ಚು ಹೋಗುತ್ತದೆ, ಲಾಭ 250ಕ್ಕೆ ಇಳಿಯುತ್ತದೆ. -120ಕ್ಕೆ ಆಡಿದ್ದರೆ 200 ಡಾಲರ್ ನಷ್ಟ. -105 ಸಿಕ್ಕಿದ್ದರೆ ಲಾಭ 1,150. ಆಯ್ಕೆಗಳು ಒಂದೂ ಬದಲಾಗಿಲ್ಲ, ಬದಲಾದದ್ದು ದರ ಮಾತ್ರ. ಗೆರೆ -105ರಲ್ಲಿ 51.2, -115ರಲ್ಲಿ 53.5, -120ರಲ್ಲಿ 54.5 ಆಗುತ್ತದೆ. -3 ಇದ್ದ ಸ್ಪ್ರೆಡ್ಡನ್ನು -2.5 ಮಾಡಿಕೊಡುತ್ತೇವೆ, ದರ ಮಾತ್ರ -120 ಎಂದಾಗ ತಟ್ಟನೆ ಒಪ್ಪಿಕೊಳ್ಳುವವರು ತಮ್ಮ ಗೆರೆ ಎರಡು ಶೇಕಡಾ ಮೇಲೇರಿದ್ದನ್ನು ಗಮನಿಸಿರುವುದಿಲ್ಲ. ಮೂರು ಪಾಯಿಂಟ್ ಅಂತರದಲ್ಲಿ ಮುಗಿಯುವ ಪಂದ್ಯಗಳು ಈ ಆಟದಲ್ಲಿ ಹೆಚ್ಚು, ಹಾಗಾಗಿ ಆ ಅರ್ಧ ಪಾಯಿಂಟಿಗೆ ಬೆಲೆ ಇದ್ದೇ ಇದೆ. ಕೊಡುವ ದರಕ್ಕೆ ಅದು ತಕ್ಕುದೇ ಎಂದು ಪ್ರತಿ ಸಲ ಲೆಕ್ಕ ಹಾಕಬೇಕು.

ಆ 700 ಡಾಲರ್ ಲಾಭ ಎಷ್ಟು ಗಟ್ಟಿ ಎಂಬುದನ್ನೂ ನೋಡಬೇಕಲ್ಲ. ಗೆದ್ದವುಗಳಲ್ಲಿ ನಾಲ್ಕು ಪಂದ್ಯ ಕೊನೆಯ ನಿಮಿಷದಲ್ಲಿ ತಿರುಗಿದ್ದರೆ ಪಟ್ಟಿ 102–94 ಆಗಿ 140 ಡಾಲರ್ ನಷ್ಟ ಬರುತ್ತಿತ್ತು. ಬರೀ ನಾಣ್ಯ ಚಿಮ್ಮುವವರಲ್ಲೂ ಸುಮಾರು ಏಳರಲ್ಲಿ ಒಬ್ಬ 196ರಲ್ಲಿ 106 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುತ್ತಾನೆ. ಇದರ ಉಲ್ಟಾ ಮಾತೂ ನಿಜ. ನಿಜಕ್ಕೂ ಶೇ. 54 ಸಾಮರ್ಥ್ಯ ಇರುವವನೂ ನೂರು ಬೆಟ್ ಮುಗಿಸಿದಾಗ ನಷ್ಟದಲ್ಲಿರುವ ಸಾಧ್ಯತೆ ಸುಮಾರು ಶೇ. 38. ಐನೂರಕ್ಕೆ ಅದು 22ರ ಆಸುಪಾಸು, ಸಾವಿರಕ್ಕೆ 15. ಹಾಗಾಗಿ ನಿಮ್ಮ 51–49 ನೀವು ಕೆಟ್ಟ ಆಟಗಾರ ಎನ್ನುವುದಕ್ಕೂ ಸಾಕ್ಷಿಯಲ್ಲ, ಒಳ್ಳೆಯವ ಎನ್ನುವುದಕ್ಕೂ ಅಲ್ಲ. ವಾರದ ಗುರಿ, ತಿಂಗಳ ಗುರಿ ಇಟ್ಟುಕೊಂಡವರು ಮಾಡುವ ದೊಡ್ಡ ತಪ್ಪೆಂದರೆ, ಗುರಿ ತಲುಪದಿದ್ದಾಗ ಕೊನೆಯ ಬೆಟ್‌ಗಳಿಗೆ ದುಪ್ಪಟ್ಟು ಕಟ್ಟುವುದು. ಆಮೇಲೆ ಗೆಲುವಿನ ಶೇಕಡಾವಾರಿಗೆ ಅರ್ಥವೇ ಉಳಿಯುವುದಿಲ್ಲ: 55 ಗೆದ್ದರೂ ಸೋತವು ದೊಡ್ಡ ಬೆಟ್‌ಗಳಾಗಿದ್ದರೆ ನಷ್ಟ ಬರುತ್ತದೆ. ಬೇರೆ ಬೇರೆ ದರಗಳನ್ನು ಬೆರೆಸಿದರೂ ಹೀಗೇ. +150ರಲ್ಲಿ, ಅಂದರೆ 100 ಕಟ್ಟಿ 150 ಗೆಲ್ಲುವ ದರದಲ್ಲಿ, ಅಸಲು ಹುಟ್ಟಲು ಶೇ. 40 ಸಾಕು, -200ಕ್ಕೆ 66.7 ಬೇಕು, ಎರಡನ್ನೂ ಸೇರಿಸಿ ಒಂದೇ ಶೇಕಡಾ ತೆಗೆದರೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ಐನೂರು ಬೆಟ್‌ಗಳನ್ನು ತಲಾ 110 ಡಾಲರ್‌ನಂತೆ ಕಟ್ಟಿ ಶೇ. 54 ಗೆದ್ದರೆ ಸಿಗುವುದು 1,700 ಡಾಲರ್. ಅದಕ್ಕಾಗಿ ಕೈಯಿಂದ ಹಾದುಹೋಗುವ ಮೊತ್ತ 55,000. ಗುರಿ ಇಡುವ ಮೊದಲು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ.

ಫಲಿತಾಂಶಕ್ಕೆ ಇಷ್ಟು ದಿನ ಕಾಯಬೇಕೆಂದಾದರೆ ನಡುವೆ ನೋಡಿಕೊಳ್ಳಲು ಇನ್ನೊಂದು ಅಳತೆಗೋಲಿದೆ. ಪ್ರತಿ ಬೆಟ್‌ನ ಪಕ್ಕದಲ್ಲಿ ನಿಮಗೆ ಸಿಕ್ಕ ಸ್ಪ್ರೆಡ್, ದರ ಮತ್ತು ಪಂದ್ಯ ಶುರುವಾಗುವ ಹೊತ್ತಿಗೆ ನಿಂತ ಸ್ಪ್ರೆಡ್, ದರ ಬರೆದಿಡಿ. ನೀವು -3ಕ್ಕೆ ಹಿಡಿದ ತಂಡ -4ಕ್ಕೆ ಮುಗಿದರೆ ಮಾರುಕಟ್ಟೆ ನಿಮ್ಮ ಕಡೆಗೆ ಬಂದಿತು. -2ಕ್ಕೆ ಇಳಿದರೆ ನಿಮ್ಮಿಂದ ದೂರ ಸರಿಯಿತು. ಐವತ್ತು ಅರವತ್ತು ಬೆಟ್‌ಗಳಲ್ಲಿ ಲೈನ್ ಹೆಚ್ಚಾಗಿ ನಿಮ್ಮ ವಿರುದ್ಧವೇ ಸರಿಯುತ್ತಿದ್ದರೆ, ಸದ್ಯಕ್ಕೆ ಗೆಲುವು ಶೇ. 56 ಇದ್ದರೂ ಅದು 52.38ರ ಕೆಳಗೆ ಜಾರುವ ಸಂಭವವೇ ಹೆಚ್ಚು.