ಅಧ್ಯಯನ ಟಿಪ್ಪಣಿ: ವಿಟಿಲಿಗೋ ಮಚ್ಚೆ, ಬಿಸಿಲು ಮತ್ತು ಲೈಟ್ ಚಿಕಿತ್ಸೆ

ಚರ್ಮರೋಗ ವಿಭಾಗದ ಪೋಸ್ಟಿಂಗ್‌ನಲ್ಲಿ ವಿಟಿಲಿಗೋ ಇರುವವರು ಕೇಳುವ ಒಂದು ಪ್ರಶ್ನೆಗೆ ನಮ್ಮಲ್ಲಿ ಹಲವರು ತಡವರಿಸುತ್ತೇವೆ. "ಇಲ್ಲಿ ಲೈಟ್ ಕೊಡ್ತೀರಿ, ಮನೇಲಿ ಬಿಸಿಲಿಗೆ ಹೋಗ್ಬೇಡಿ ಅಂತೀರಿ. ಎರಡೂ ಬೆಳಕೇ ಅಲ್ವಾ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಗೊತ್ತಿದ್ದರೆ ಸನ್‌ಸ್ಕ್ರೀನ್ ಯಾವಾಗ ಹಚ್ಚಬೇಕು, ಯಾವಾಗ ಹಚ್ಚಬಾರದು ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ವಿಟಿಲಿಗೋದಲ್ಲಿ (ಊರ ಮಾತಿನಲ್ಲಿ ತೊನ್ನು) ದೇಹದ ರೋಗನಿರೋಧಕ ಕಣಗಳೇ ಬಣ್ಣ ತಯಾರಿಸುವ ಮೆಲನೊಸೈಟ್‌ಗಳನ್ನು ನಾಶಮಾಡುತ್ತವೆ. ಇದು ಅಂಟುವ ರೋಗವಲ್ಲ. ಮೆಲನಿನ್ ಇಲ್ಲದ ಮಚ್ಚೆಗೆ ಬಿಸಿಲನ್ನು ತಡೆಯುವ ಪರದೆಯೇ ಇರುವುದಿಲ್ಲ. ಪಕ್ಕದ ಕಂದು ಚರ್ಮಕ್ಕೆ ಏನೂ ಆಗದಷ್ಟು ಬಿಸಿಲಿನಲ್ಲೂ ಮಚ್ಚೆ ಕೆಂಪಾಗಿ ಉರಿಯಬಹುದು. ಉರಿ ಎರಡು ದಿನದಲ್ಲಿ ಇಳಿದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಗಾಯವಾದ, ತರಚಿದ, ಸುಟ್ಟ ಜಾಗದಲ್ಲೇ ಹೊಸ ಮಚ್ಚೆ ಏಳುವ ಸ್ವಭಾವ ಈ ಕಾಯಿಲೆಗಿದೆ. ಇದನ್ನೇ ಕೋಬ್ನರ್ ಪರಿಣಾಮ ಎನ್ನುತ್ತಾರೆ. ಲಂಗದ ಲಾಡಿ ಬಿಗಿಯುವ ಸೊಂಟದಲ್ಲಿ, ಚಪ್ಪಲಿ ಉಜ್ಜುವ ಪಾದದ ಮೇಲೆ ಮಚ್ಚೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಬಿಸಿಲಿನ ಸುಡುವಿಕೆಯೂ ಅದೇ ಸಾಲಿಗೆ ಸೇರುತ್ತದೆ.

ಇನ್ನು ಲೈಟ್ ವಿಷಯ. ಆಸ್ಪತ್ರೆಯ ನ್ಯಾರೋಬ್ಯಾಂಡ್ ಯುವಿ-ಬಿ ಯಂತ್ರ 311ರಿಂದ 313 ನ್ಯಾನೋಮೀಟರ್ ಸುತ್ತಲಿನ ಕಿರಣಗಳನ್ನು ಮಾತ್ರ ಕೊಡುತ್ತದೆ. ಅವು ಚರ್ಮದಲ್ಲಿನ ರೋಗನಿರೋಧಕ ದಾಳಿಯನ್ನು ತಗ್ಗಿಸಿ, ಕೂದಲ ಬುಡದಲ್ಲಿ ಉಳಿದಿರುವ ಬಣ್ಣದ ಕಣಗಳನ್ನು ಮೇಲಕ್ಕೆ ಬರುವಂತೆ ಪ್ರಚೋದಿಸುತ್ತವೆ. ವಾರಕ್ಕೆ 2 ಅಥವಾ 3 ಸಲ, ಒಂದರ ಹಿಂದೊಂದು ದಿನ ಬಾರದಂತೆ ಕೊಡುತ್ತಾರೆ. ಸಾಮಾನ್ಯವಾಗಿ ಚದರ ಸೆಂಟಿಮೀಟರ್‌ಗೆ 200 ಮಿಲಿಜೂಲ್‌ನಿಂದ ಶುರುಮಾಡಿ, ಪ್ರತಿ ಸಲ ಶೇ. 10ರಿಂದ 20ರಷ್ಟು ಏರಿಸುತ್ತಾರೆ. ಮಚ್ಚೆ ತಿಳಿ ಗುಲಾಬಿಯಾಗಿ, ನೋವಿಲ್ಲದೆ, 24 ಗಂಟೆಯೊಳಗೆ ಮೊದಲಿನಂತಾದರೆ ಡೋಸ್ ಸರಿಯಾದ ಹಂತ ತಲುಪಿದೆ ಎಂದರ್ಥ.

ಬಿಸಿಲಿನಲ್ಲಿ ಈ ಅಳತೆ ಸಿಗುವುದಿಲ್ಲ. ಯುವಿ-ಬಿ ಪ್ರಮಾಣ ಗಂಟೆಗಂಟೆಗೂ, ಋತುವಿನಿಂದ ಋತುವಿಗೂ, ಮೋಡದಿಂದ ಮೋಡಕ್ಕೂ ಬದಲಾಗುತ್ತದೆ. ಜೊತೆಗೆ ಬರುವ ಯುವಿ-ಎ ಸುತ್ತಲಿನ ಚರ್ಮವನ್ನು ಕಪ್ಪು ಮಾಡುತ್ತದೆ. ಆಗ ಮಚ್ಚೆ ಎದ್ದು ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ "ಮಚ್ಚೆ ದೊಡ್ಡದಾಗಿದೆ" ಎಂದು ಗಾಬರಿಯಿಂದ ಬರುವವರಲ್ಲಿ ಕೆಲವರಿಗೆ ಮಚ್ಚೆ ಇದ್ದಷ್ಟೇ ಇರುತ್ತದೆ, ಸುತ್ತ ಕಪ್ಪಾಗಿರುತ್ತದೆ. ಅದಕ್ಕೇ ಸನ್‌ಸ್ಕ್ರೀನ್ ಮಚ್ಚೆಗೆ ಮಾತ್ರವಲ್ಲ, ಅದರ ಅಂಚು ದಾಟಿ ಸುತ್ತಲಿನ ಚರ್ಮಕ್ಕೂ ಹಚ್ಚಬೇಕು. ಲೇಬಲ್‌ನಲ್ಲಿ ಎಸ್‌ಪಿಎಫ್ 30 ಅಥವಾ ಹೆಚ್ಚಿರಬೇಕು, ಜೊತೆಗೆ ಯುವಿ-ಎ ರಕ್ಷಣೆ ತೋರಿಸುವ ಪಿಎ+++ ಅಥವಾ 'ಬ್ರಾಡ್ ಸ್ಪೆಕ್ಟ್ರಮ್' ಎಂಬ ಗುರುತಿರಬೇಕು. ಎಸ್‌ಪಿಎಫ್ ಒಂದೇ ನೋಡಿ ಕೊಂಡರೆ ಕಪ್ಪಾಗುವುದನ್ನು ಎಷ್ಟು ತಡೆಯುತ್ತದೆಂದು ಗೊತ್ತಾಗದು.

ಒಂದು ಕೇಸ್ ಇಟ್ಟುಕೊಂಡು ನೋಡೋಣ

ಓದಿಗೆ ಅನುಕೂಲವಾಗಲೆಂದು ಕಲ್ಪಿಸಿಕೊಂಡ ಕೇಸ್ ಇದು. 34 ವರ್ಷದ ಮಹಿಳೆ, ಮಾರುಕಟ್ಟೆಯ ಹೊರಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಕೂತು ಹೂವು ಮಾರುತ್ತಾರೆ. ಎರಡೂ ಅಂಗೈಗಳ ಹಿಂಭಾಗದಲ್ಲಿ ಮತ್ತು ತುಟಿಯ ಸುತ್ತ ಮಚ್ಚೆ. ಸೋಮವಾರ ಮತ್ತು ಗುರುವಾರ ಮಧ್ಯಾಹ್ನ 2ಕ್ಕೆ ಲೈಟ್. ರಾತ್ರಿ ಹಚ್ಚಲು ಟ್ಯಾಕ್ರೊಲಿಮಸ್ ಮುಲಾಮು.

ಮೊದಲ ಲೆಕ್ಕ ಸನ್‌ಸ್ಕ್ರೀನ್‌ನದು. ಎಸ್‌ಪಿಎಫ್ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಜನ ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಟ್ಯೂಬಿನ ಮೇಲೆ 30 ಎಂದಿದ್ದರೂ ಚರ್ಮಕ್ಕೆ ಸಿಗುವುದು ಅಷ್ಟಲ್ಲ. ಒಂದು ಕೈಯ ಹಿಂಭಾಗ, ಬೆರಳುಗಳೂ ಸೇರಿ, ಸುಮಾರು 150 ಚದರ ಸೆಂಟಿಮೀಟರ್ ಎಂದುಕೊಂಡರೆ 300 ಮಿಲಿಗ್ರಾಂ ಬೇಕು. ಎರಡೂ ಕೈಗೆ 600. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ ಬರುತ್ತದೆ. ಎರಡು ಕೈಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬೇಕು ಎಂದು ತೋರಿಸಿಕೊಟ್ಟರೆ ಸಾಕು, ಮಿಲಿಗ್ರಾಂ ಲೆಕ್ಕ ನಮ್ಮ ಪುಸ್ತಕದಲ್ಲೇ ಇರಲಿ. ಮುಖ ಮತ್ತು ಕುತ್ತಿಗೆಗೆ ತೋರುಬೆರಳು, ನಡುಬೆರಳು ಎರಡರ ಪೂರ್ತಿ ಉದ್ದಕ್ಕೂ ಒಂದೊಂದು ಗೆರೆ. ಬಿಸಿಲಿಗೆ ಹೊರಡುವ 15–20 ನಿಮಿಷ ಮೊದಲು ಹಚ್ಚಿ, ಪ್ರತಿ 2 ಗಂಟೆಗೊಮ್ಮೆ ಮತ್ತೆ.

ಈ ಲೆಕ್ಕದಿಂದ ಒಂದು ಒಳ್ಳೆಯ ಪರೀಕ್ಷೆಯೂ ಸಿಗುತ್ತದೆ. ಕೈಗೆ ಮಾತ್ರ ದಿನಕ್ಕೆ 3 ಸಲ ಸರಿಯಾಗಿ ಹಚ್ಚಿದರೂ 50 ಗ್ರಾಂ ಟ್ಯೂಬ್ ನಾಲ್ಕು ವಾರದೊಳಗೆ ಮುಗಿಯಬೇಕು. ಫಾಲೋಅಪ್‌ನಲ್ಲಿ "ಹಚ್ಕೋತಿದೀರಾ?" ಎಂದರೆ ಎಲ್ಲರೂ ಹೌದೆನ್ನುತ್ತಾರೆ. "ಟ್ಯೂಬ್ ಎಷ್ಟು ದಿನಕ್ಕೆ ಮುಗೀತು ಅಕ್ಕಾ?" ಎಂದು ಕೇಳಿ. ಮೂರು ತಿಂಗಳು ಬಂತೆಂದರೆ ಹಚ್ಚುತ್ತಿರುವುದು ಸಾಲದು. ದುಡ್ಡಿನ ತೊಂದರೆಯೂ ಆಗ ಹೊರಬರುತ್ತದೆ. ಅದನ್ನು ಡಾಕ್ಟರಿಗೆ ತಿಳಿಸಬೇಕು.

ಆದರೆ ಈ ಕೇಸಿನಲ್ಲಿ ಸನ್‌ಸ್ಕ್ರೀನ್ ಒಂದನ್ನೇ ನೆಚ್ಚುವಂತಿಲ್ಲ. ಹೂವಿಗೆ ನೀರು ಚಿಮುಕಿಸುವ, ಮೊಳ ಹಾಕುವ, ಚಿಲ್ಲರೆ ಎಣಿಸುವ ಕೈ ಅದು. ಹಚ್ಚಿದ ಅರ್ಧ ಗಂಟೆಯಲ್ಲೇ ಒದ್ದೆ ಬಟ್ಟೆಗೆ, ಬಾಳೆಲೆಗೆ ಒರೆಸಿಹೋಗುತ್ತದೆ. ಇಲ್ಲಿ ಮೊದಲ ರಕ್ಷಣೆ ಬಟ್ಟೆ. ದಟ್ಟ ನೇಯ್ಗೆಯ, ಗಾಢ ಬಣ್ಣದ ಹತ್ತಿಯಲ್ಲಿ ಮುಂಗೈ ಚೀಲದಂತೆ ಹೊಲಿಸಿ, ಬೆರಳುಗಳ ನಡುಗೆಣ್ಣಿನವರೆಗೆ ಬರುವಂತೆ ಮಾಡಿಸಬಹುದು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಯದು ಕಾಣುತ್ತಿದ್ದರೆ ಆ ಬಟ್ಟೆ ಬೇಡ. ತೆಳು ಬಿಳಿ ಹತ್ತಿ ನೆನೆದರೆ ಅದರ ತಡೆಯುವ ಶಕ್ತಿ ಇನ್ನೂ ಕುಗ್ಗುತ್ತದೆ, ಒಣಗಿದ ಇನ್ನೊಂದು ಜೊತೆ ಕೈಯಲ್ಲಿರಲಿ. ಮಣಿಕಟ್ಟಿನಲ್ಲಿ ಎಲಾಸ್ಟಿಕ್ ಬಿಗಿಯಾಗಬಾರದು, ಉಜ್ಜುವುದೂ ಕೋಬ್ನರ್‌ಗೆ ದಾರಿ. ದೊಡ್ಡ ಕಪ್ಪು ಕೊಡೆ ಕಟ್ಟಿಕೊಂಡು ಕೂರಲಿ. ತಮ್ಮ ನೆರಳು ತಮಗಿಂತ ಗಿಡ್ಡವಾಗಿರುವ ಹೊತ್ತು ಯುವಿ ಜೋರಾಗಿರುತ್ತದೆ ಎಂಬ ಗುರುತು ಗಡಿಯಾರಕ್ಕಿಂತ ಸುಲಭ. ಮೋಡ ಕವಿದ ದಿನವೂ ಕಿರಣಗಳು ಸಾಕಷ್ಟು ದಾಟಿ ಬರುತ್ತವೆ. ತುಟಿಗೆ ಎಸ್‌ಪಿಎಫ್ ಇರುವ ಲಿಪ್ ಬಾಮ್ ಬೇಕು, ತಿಂದು ಕುಡಿದ ಮೇಲೆ ಮತ್ತೆ.

ಸೋಮವಾರ, ಗುರುವಾರ ಕ್ರಮ ಬೇರೆ. ಲೈಟ್ ಬೀಳಬೇಕಾದ ಮಚ್ಚೆಯ ಮೇಲೆ ಸನ್‌ಸ್ಕ್ರೀನ್ ಅಥವಾ ದಪ್ಪ ಮುಲಾಮಿನ ಪದರ ಇದ್ದರೆ ಅಳೆದು ಕೊಟ್ಟ ಡೋಸ್ ಒಳಗೆ ಇಳಿಯುವುದೇ ಇಲ್ಲ. ಆ ಬೆಳಿಗ್ಗೆ ಬಟ್ಟೆ ಮತ್ತು ಕೊಡೆಯ ರಕ್ಷಣೆ ಮಾತ್ರ, ಏನಾದರೂ ಹಚ್ಚಿದ್ದರೆ ತೊಳೆದು ಒರೆಸಿಕೊಂಡು ಬರಬೇಕು. ಲೈಟ್ ಮುಗಿದ ಕೂಡಲೇ ಸನ್‌ಸ್ಕ್ರೀನ್ ಹಚ್ಚಿ, ಕೈ ಮುಚ್ಚಿಕೊಂಡು ಮನೆಗೆ. ಲೈಟ್ ಜೊತೆಗೆ ಬಿಸಿಲೂ ಬಿದ್ದರೆ ಎರಡರ ಡೋಸ್ ಕೂಡಿಕೊಳ್ಳುತ್ತದೆ. ತುಟಿಯಂಥ ಜಾಗವನ್ನು ಮುಚ್ಚಬೇಕೋ ಬೇಡವೋ ಎಂಬುದನ್ನು ಡಾಕ್ಟರು ಬರೆದಂತೆ ಮಾಡಬೇಕು.

ಈಗ ತಪ್ಪುವ ಜಾಗಕ್ಕೆ ಬರೋಣ. ಪ್ರತಿ ಸಲ ಶೇ. 10 ಏರಿಸಿ 6ನೇ ಸಲಕ್ಕೆ ಡೋಸ್ ಸುಮಾರು 322 ಮಿಲಿಜೂಲ್ ಆಗಿದೆ. ಭಾನುವಾರ ಊರ ಜಾತ್ರೆಯಲ್ಲಿ ಕೈ ಮುಚ್ಚದೆ ಮಧ್ಯಾಹ್ನದವರೆಗೆ ವ್ಯಾಪಾರ. ಸೋಮವಾರ ಮಚ್ಚೆಗಳು ಕೆಂಪು, ಮುಟ್ಟಿದರೆ ಉರಿ. ಚಾರ್ಟ್ ನೋಡಿ ಮುಂದಿನ ಡೋಸ್ 354 ಎಂದು ಒತ್ತಿದರೆ ಸುಟ್ಟ ಚರ್ಮವನ್ನು ಮತ್ತೆ ಸುಟ್ಟಂತೆ. ಅಂದು ಲೈಟ್ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ, ಕೆಂಪು ಮತ್ತು ನೋವು ಇಳಿದ ಮೇಲೆ ಅವರು ಹೇಳಿದ ಕಡಿಮೆ ಡೋಸ್‌ನಿಂದ ಮುಂದುವರಿಸಬೇಕು. ಪ್ರತಿ ಸಲ ಯಂತ್ರದ ಬಟನ್ ಒತ್ತುವ ಮುನ್ನ "ನಿನ್ನೆ ಬಿಸಿಲಲ್ಲಿದ್ರಾ? ಹೊಸ ಮಾತ್ರೆ ಏನಾದ್ರೂ ಶುರುವಾಗಿದೆಯಾ?" ಎಂದು ಕೇಳಲೇಬೇಕು. ಡಾಕ್ಸಿಸೈಕ್ಲಿನ್‌ನಂಥ ಕೆಲವು ಮಾತ್ರೆಗಳು ಚರ್ಮವನ್ನು ಬೆಳಕಿಗೆ ಇನ್ನೂ ಸೂಕ್ಷ್ಮವಾಗಿಸುತ್ತವೆ.

ಬಾವಂಚಿ ಬೀಜದ ವಿಷಯ ನಮ್ಮ ಕಡೆ ತಪ್ಪದೆ ಬರುತ್ತದೆ. ಅರೆದು ಹಚ್ಚಿ ಬಿಸಿಲಿಗೆ ಕೂರಿ ಎಂದು ಯಾರೋ ಹೇಳಿರುತ್ತಾರೆ. ಅದರಲ್ಲಿ ಸೋರಲೆನ್ ಇದೆ, ಅದು ಯುವಿ-ಎ ಜೊತೆ ಸೇರಿ ಕೆಲಸ ಮಾಡುತ್ತದೆ ಎಂಬುದು ನಿಜ. ವೈದ್ಯರ ಸೋರಲೆನ್ ಚಿಕಿತ್ಸೆಯೂ ಅದೇ ತತ್ವದ ಮೇಲಿದೆ. ಆದರೆ ಮನೆಯಲ್ಲಿ ಅರೆದ ಬೀಜದಲ್ಲಿ ಸೋರಲೆನ್ ಎಷ್ಟು, ಆ ಹೊತ್ತಿನ ಬಿಸಿಲು ಎಷ್ಟು, ಎರಡೂ ತಿಳಿಯದು. ಸೋರಲೆನ್ ಸುಟ್ಟದ್ದು ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ ಕಳೆದು ದೊಡ್ಡ ನೀರ್ಗುಳ್ಳೆಗಳಾಗಿ ಏಳುತ್ತದೆ. "ಇವತ್ತು ಏನೂ ಆಗಲಿಲ್ಲ" ಎಂದು ಮರುದಿನವೂ ಹಚ್ಚುವುದು ಅದಕ್ಕೇ. ಗುಳ್ಳೆ ಬಂದರೆ ಒಡೆಯದೆ, ತಣ್ಣೀರಿನ ಬಟ್ಟೆ ಇಟ್ಟು, ಬಿಸಿಲು ತಪ್ಪಿಸಿ, ಆಸ್ಪತ್ರೆಗೆ ಬರಲಿ. ಗದರದೆ ಕೇಳಿದರೆ ಮಾತ್ರ ಹಚ್ಚಿದ್ದನ್ನು ಹೇಳುತ್ತಾರೆ.

ಎಲ್ಲ ಬಿಳಿ ಕಲೆಯೂ ವಿಟಿಲಿಗೋ ಅಲ್ಲ

ಸನ್‌ಸ್ಕ್ರೀನ್ ಹೇಳುವ ಮೊದಲು ರೋಗ ಗೊತ್ತಾಗಿರಬೇಕು. ಎದೆ, ಬೆನ್ನಿನ ಮೇಲೆ ಕೆರೆದರೆ ಪುಡಿ ಉದುರುವ ಕಲೆ ಚಿಬ್ಬು ಇರಬಹುದು, ಅದಕ್ಕೆ ಶಿಲೀಂಧ್ರದ ಔಷಧ ಬೇಕು. ಮಕ್ಕಳ ಕೆನ್ನೆಯ ಮಸುಕು, ಒಣ ಕಲೆ ಬೇಸಿಗೆಯಲ್ಲಿ ಸುತ್ತ ಕಪ್ಪಾದಾಗ ಕಣ್ಣಿಗೆ ಬೀಳುತ್ತದೆ, ಅಲ್ಲಿ ತೇವ ಉಳಿಸುವ ಕ್ರೀಮ್ ಮತ್ತು ಬಿಸಿಲಿನ ರಕ್ಷಣೆಯಿಂದಲೇ ಬಹಳಷ್ಟು ಸುಧಾರಿಸುತ್ತದೆ. ವಿಟಿಲಿಗೋ ಮಚ್ಚೆಯಲ್ಲಿ ಸ್ಪರ್ಶ ಸರಿಯಾಗಿಯೇ ಇರುತ್ತದೆ. ಹತ್ತಿಯ ಎಳೆ ತಾಗಿಸಿದಾಗ ಗೊತ್ತಾಗದ ಮಸುಕು ಕಲೆ ಕುಷ್ಠವಿರಬಹುದು, ತಡಮಾಡದೆ ಪರೀಕ್ಷೆಗೆ ಕಳಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ. ಹಣೆಯಲ್ಲಿ ಬಿಂದಿ ಅಂಟಿಸುವ ಜಾಗದಲ್ಲೇ ಬಿಳುಪು ಬಂದಿದ್ದರೆ ಅದರ ಅಂಟಿನ ರಾಸಾಯನಿಕವನ್ನು ಶಂಕಿಸಿ, ಮೊದಲು ಬಿಂದಿ ಬಿಡಿಸಬೇಕು.

ಫಾಲೋಅಪ್‌ನಲ್ಲಿ ಏನು ನೋಡುತ್ತೇವೆ

ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೊ ತೆಗೆದುಕೊಂಡು ಬರಲು ಹೇಳಿ. ಅಂಚು ನಿಜಕ್ಕೂ ಸರಿದಿದೆಯೋ, ಸುತ್ತ ಕಪ್ಪಾಗಿದೆಯೋ ಎಂಬುದು ಆಗ ಗೊತ್ತಾಗುತ್ತದೆ, ಅನುಮಾನವಿದ್ದರೆ ಕತ್ತಲೆಯಲ್ಲಿ ಮಚ್ಚೆಯ ಅಂಚನ್ನು ಎದ್ದು ತೋರಿಸುವ ಯುವಿ ದೀಪ, ವುಡ್ಸ್ ಲ್ಯಾಂಪ್ ಇದೆ. ಚೂರು ಕಾಗದ ಎರಚಿದಂತೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಹೊಸದಾಗಿ ಎದ್ದಿದ್ದರೆ ಕಾಯಿಲೆ ಚುರುಕಾಗಿದೆ, ಮುಂದಿನ ದಿನಾಂಕದವರೆಗೆ ಕಾಯಬಾರದು. ಮಚ್ಚೆಯೊಳಗೆ ಕೂದಲ ಸುತ್ತ ಕಂದು ಚುಕ್ಕೆ ಕಂಡರೆ ಅದು ಬಣ್ಣ ಮರಳುತ್ತಿರುವ ಗುರುತು. ಕೆಲವರು ಅದನ್ನು ಸುಟ್ಟ ಕಲೆ ಎಂದುಕೊಂಡು ಲೈಟ್ ಬಿಟ್ಟುಬಿಡುತ್ತಾರೆ, ಮೊದಲೇ ಹೇಳಿಟ್ಟಿರಬೇಕು. ಮುಖದಲ್ಲಿ ಬಣ್ಣ ಬೇಗ ಬರಬಹುದು. ಬೆರಳ ತುದಿಯಲ್ಲಿ, ತುಟಿಯಲ್ಲಿ ಕೂದಲ ಬುಡಗಳಿಲ್ಲದ ಕಾರಣ ಕಷ್ಟ. ನಮ್ಮ ಕೇಸಿನ ಮಹಿಳೆಗೆ ಇದನ್ನು ಆರಂಭದಲ್ಲೇ ಮುಚ್ಚಿಡದೆ ತಿಳಿಸಬೇಕು, ಇಲ್ಲದಿದ್ದರೆ ಎರಡು ತಿಂಗಳಿಗೆ ನಿರಾಸೆಯಾಗಿ ಬರುವುದನ್ನೇ ನಿಲ್ಲಿಸುತ್ತಾರೆ. ಸದಾ ಮೈ ಮುಚ್ಚಿಕೊಂಡು ಬಿಸಿಲು ತಪ್ಪಿಸುವವರಿಗೆ ವಿಟಮಿನ್ ಡಿ, ದಣಿವು ಅಥವಾ ತೂಕದ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ ಚಾರ್ಟಿನಲ್ಲಿ ಬರೆದಿಡಿ. ವಿಟಿಲಿಗೋ ಇರುವವರಲ್ಲಿ ಥೈರಾಯ್ಡ್ ತೊಂದರೆ ಉಳಿದವರಿಗಿಂತ ಹೆಚ್ಚು.