ಒಂದೇ ತದಿಗೆ ಎರಡು ಬಾರಿ, ಆದರೂ ದಸರೆ ಒಮ್ಮೆ ಹತ್ತು ದಿನ, ಒಮ್ಮೆ ಹನ್ನೊಂದು

2025ರ ಮೈಸೂರು ದಸರೆ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹನ್ನೊಂದು ದಿನ ನಡೆಯಿತು. ಆ ಸಲ ತದಿಗೆ ಎರಡು ದಿನ ಬಂದದ್ದರಿಂದ ಒಂದು ದಿನ ಹೆಚ್ಚಾಯಿತು ಎಂಬ ವಿವರಣೆ ಎಲ್ಲೆಡೆ ಕೇಳಿಬಂತು. ವಿವರಣೆ ಸರಿಯೇ. ಆದರೆ 2024ರಲ್ಲಿಯೂ ತದಿಗೆ ಎರಡು ದಿನ ಬಂದಿತ್ತು, ಆಗ ಮಾತ್ರ ಹಬ್ಬ ಅಕ್ಟೋಬರ್ 3ರಿಂದ 12ರವರೆಗೆ ಹತ್ತೇ ದಿನಕ್ಕೆ ಮುಗಿಯಿತು. ಹೆಚ್ಚಾದ ಆ ದಿನ ಎಲ್ಲಿ ಹೋಯಿತು?

ಚಂದ್ರನು ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಚಂದ್ರನ ವೇಗ ಒಂದೇ ಸಮನಾಗಿಲ್ಲದ ಕಾರಣ ತಿಥಿ ಸುಮಾರು 20 ಗಂಟೆಯಿಂದ 27 ಗಂಟೆಯ ತನಕ ಹಿಗ್ಗುತ್ತದೆ, ಕುಗ್ಗುತ್ತದೆ. ಅದು ಯಾವ ಹೊತ್ತಿನಲ್ಲಾದರೂ ಶುರುವಾಗಬಹುದು. ದಿನಕ್ಕೆ ಹೆಸರು ಕೊಡುವಾಗ ಮಾತ್ರ ಸೂರ್ಯೋದಯದಲ್ಲಿ ಯಾವ ತಿಥಿ ಇದೆ ಎಂದು ನೋಡುತ್ತಾರೆ. ಒಂದೇ ತಿಥಿ ಎರಡು ಸೂರ್ಯೋದಯಗಳನ್ನು ಕಂಡರೆ ಅದು ವೃದ್ಧಿ; ಒಂದನ್ನೂ ಕಾಣದಿದ್ದರೆ ಕ್ಷಯ.

2024ರ ತದಿಗೆ ಅಕ್ಟೋಬರ್ 5ರ ಬೆಳಿಗ್ಗೆ 5:30ಕ್ಕೆ ಆರಂಭವಾಗಿ ಮರುದಿನ 7:49ಕ್ಕೆ ಮುಗಿಯಿತು. ಮೈಸೂರಿನಲ್ಲಿ ಆಗ ಸೂರ್ಯ ಹುಟ್ಟುವುದು 6:10ರ ಆಸುಪಾಸು. ಹಾಗಾಗಿ 5 ಮತ್ತು 6, ಎರಡೂ ದಿನ ತದಿಗೆ. ಅಲ್ಲಿಂದ ಸೂರ್ಯೋದಯದ ಲೆಕ್ಕವನ್ನೇ ಹಿಡಿದು ಹೋದರೆ 12ಕ್ಕೆ ನವಮಿ, 13ಕ್ಕೆ ದಶಮಿ, ಒಟ್ಟು ಹನ್ನೊಂದು ದಿನ.

ವಿಜಯದಶಮಿಯ ನಿರ್ಣಯ ಬೇರೆಯಾಗುವುದು ಇಲ್ಲಿಯೇ. ಆ ದಿನಕ್ಕೆ ದಶಮಿಯು ಸೂರ್ಯೋದಯದಲ್ಲಲ್ಲ, ಅಪರಾಹ್ಣದಲ್ಲಿ ಇರಬೇಕು. ಹಗಲನ್ನು ಐದು ಸಮಪಾಲು ಮಾಡಿದರೆ ನಾಲ್ಕನೆಯ ಪಾಲು ಅಪರಾಹ್ಣ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸುಮಾರು ಮಧ್ಯಾಹ್ನ 1:15ರಿಂದ 3:40. ಆ ವರ್ಷ ದಶಮಿ 12ರ ಬೆಳಿಗ್ಗೆ 10:58ಕ್ಕೆ ಬಂದು 13ರ ಬೆಳಿಗ್ಗೆ 9:08ಕ್ಕೆ ಹೊರಟಿತು. 13ರ ಸೂರ್ಯೋದಯದಲ್ಲಿ ದಶಮಿ ಇದ್ದರೂ ಮಧ್ಯಾಹ್ನಕ್ಕೆ ಇರಲಿಲ್ಲ. ಆದ್ದರಿಂದ ಬೆಳಿಗ್ಗೆ ನವಮಿಯಾಗಿದ್ದ 12ನೆಯ ತಾರೀಖೇ ಮಧ್ಯಾಹ್ನ ವಿಜಯದಶಮಿಯಾಯಿತು, ಜಂಬೂಸವಾರಿಯೂ ಅಂದೇ ಹೊರಟಿತು. ತದಿಗೆಯಲ್ಲಿ ಗಳಿಸಿದ ದಿನವನ್ನು ಹಬ್ಬ ಕೊನೆಯಲ್ಲಿ ಕಳೆದುಕೊಂಡಿತು.

2025ರಲ್ಲಿ ದಶಮಿ ಅಕ್ಟೋಬರ್ 1ರ ಸಂಜೆ 7:01ಕ್ಕೆ ಆರಂಭವಾಗಿ 2ರ ಸಂಜೆ 7:10ರವರೆಗೆ ಇತ್ತು. ಸೂರ್ಯೋದಯವೂ ಅಪರಾಹ್ಣವೂ ಒಂದೇ ದಿನವನ್ನು ತೋರಿಸಿದವು. ಗಳಿಸಿದ ದಿನ ಉಳಿಯಿತು.

ನನಗೆ ಬಹಳ ಇಷ್ಟವಾಗುವುದು ಈ ವ್ಯತ್ಯಾಸದ ಹಿಂದಿರುವ ಕಾರಣ. ಭೂಮಿಯಿಂದ ಅತಿ ದೂರದಲ್ಲಿರುವಾಗ ಚಂದ್ರನ ನಡಿಗೆ ನಿಧಾನ, ತಿಥಿ ದೀರ್ಘ. ತಿಥಿ 24 ಗಂಟೆ ಮೀರಿದಷ್ಟು ಕಾಲ ಅದು ಮುಗಿಯುವ ಹೊತ್ತು ದಿನದಿನಕ್ಕೂ ಮುಂದೆ ಸರಿಯುತ್ತದೆ. 2024ರಲ್ಲಿ ಚಂದ್ರ ಅತಿ ದೂರದಲ್ಲಿದ್ದದ್ದು ಅಕ್ಟೋಬರ್ 2ರ ನಡುರಾತ್ರಿ ಕಳೆದ ಮೇಲೆ, ಪಾಡ್ಯ ಆರಂಭವಾಗುವ ಹೊತ್ತಿಗೆ. ನವರಾತ್ರಿ ಸಾಗಿದಂತೆ ಅವನ ವೇಗ ಹೆಚ್ಚುತ್ತ ಹೋಯಿತು. ಸಪ್ತಮಿ ಮಧ್ಯಾಹ್ನ 12:31ಕ್ಕೆ ಮುಗಿದದ್ದೇ ಕೊನೆಯ ಗಡಿ. ಮುಂದಿನ ತಿಥಿಗಳು ಮತ್ತೆ ಬೆಳಗಿನ ಕಡೆಗೆ ಹಿಂದೆ ಸರಿದವು. 2025ರಲ್ಲಿ ಅತಿ ದೂರದ ಬಿಂದು ಬಂದದ್ದು ಸೆಪ್ಟೆಂಬರ್ 26ರಂದು, ಹಬ್ಬದ ನಡುವೆ. ಹೀಗಾಗಿ ತಿಥಿಗಳ ಅಂತ್ಯ ದಶಮಿಯ ತನಕವೂ ಮುಂದೆ ಸರಿಯುತ್ತಲೇ ಹೋಗಿ ಸಂಜೆಯನ್ನು ಮುಟ್ಟಿತು.

2021ರಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಚಂದ್ರ ಅಕ್ಟೋಬರ್ 8ರಂದು ಭೂಮಿಗೆ ಅತಿ ಹತ್ತಿರವಿದ್ದ. ಚೌತಿ 9ರ ಬೆಳಿಗ್ಗೆ 7:48ಕ್ಕೆ ಹುಟ್ಟಿ 10ರ ನಸುಕಿನ 4:55ಕ್ಕೆ ಮುಗಿದುಹೋಯಿತು. ಅಂದರೆ ಇಪ್ಪತ್ತೊಂದು ಗಂಟೆ, ಎರಡು ಸೂರ್ಯೋದಯಗಳ ನಡುವಿನ ಬಾಳು. ಕ್ಷಯವಾದ ತಿಥಿಯ ಪೂಜೆಯನ್ನು ಬಿಡುವುದಿಲ್ಲ, ತದಿಗೆಯ ದಿನವೇ ಚೌತಿಯದ್ದೂ ನಡೆಯುತ್ತದೆ. ಆ ವರ್ಷ ಅಕ್ಟೋಬರ್ 7ಕ್ಕೆ ಆರಂಭವಾದ ಹಬ್ಬ 15ರ ವಿಜಯದಶಮಿಗೆ ಒಂಬತ್ತು ದಿನದಲ್ಲಿ ಮುಗಿಯಿತು.

ಇಲ್ಲಿ ಕೊಟ್ಟಿರುವುದು ಸೂರ್ಯಚಂದ್ರರು ಆಕಾಶದಲ್ಲಿ ನಿಜಕ್ಕೂ ಇರುವ ಸ್ಥಾನಕ್ಕೆ ಹೊಂದುವಂತೆ ಲೆಕ್ಕ ಹಾಕುವ ದೃಗ್ಗಣಿತ ಪಂಚಾಂಗದ ಸಮಯ. ಹಳೆಯ ಸೂತ್ರಗಳನ್ನು ಅನುಸರಿಸುವ ಪಂಚಾಂಗಗಳಲ್ಲಿ ತಿಥಿಯ ಅಂತ್ಯ ಕೆಲವು ಗಂಟೆಗಳಷ್ಟು ಬೇರೆಯಾಗಬಹುದು, ಅದರಿಂದ ವೃದ್ಧಿಯ ದಿನವೂ ಬದಲಾಗಬಹುದು. ಊರು ಬದಲಾದರೂ ಅಷ್ಟೇ. 2024ರ ಅಕ್ಟೋಬರ್ 5ರಂದು ತದಿಗೆ ಶುರುವಾದದ್ದು 5:30ಕ್ಕೆ. ಅಸ್ಸಾಮಿನ ದಿಬ್ರುಗಢದಲ್ಲಿ ಸೂರ್ಯ ಅದಕ್ಕೂ ಮೊದಲೇ, ಸುಮಾರು 5:05ಕ್ಕೆ ಹುಟ್ಟಿದ್ದ. ಮೈಸೂರಿನಲ್ಲಿ ಎರಡು ದಿನ ನಿಂತದ್ದು ತದಿಗೆ, ಅಲ್ಲಿ ಬಿದಿಗೆ.