ಎಂಟು ಎಲೆಕ್ಟ್ರಾನಿನ ಉಂಗುರ ಬಾಗಿದ್ದೇಕೆ?

ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಹ್ಯೂಕೆಲ್ ನಿಯಮ ಬಾಯಿಪಾಠ. ಉಂಗುರದಲ್ಲಿ 4n+2 ಪೈ ಎಲೆಕ್ಟ್ರಾನ್ ಇದ್ದರೆ ಆರೊಮ್ಯಾಟಿಕ್, 4n ಇದ್ದರೆ ಆಂಟಿಆರೊಮ್ಯಾಟಿಕ್. ಸೈಕ್ಲೊಆಕ್ಟಟೆಟ್ರೀನ್‌ನಲ್ಲಿ ನಾಲ್ಕು ದ್ವಿಬಂಧಗಳಿವೆ, ಎಂಟು ಪೈ ಎಲೆಕ್ಟ್ರಾನ್‌ಗಳಿವೆ. ಎಂಟು ಎಂದರೆ 4n, ಹಾಗಾಗಿ ಆಂಟಿಆರೊಮ್ಯಾಟಿಕ್ ಎಂದು ಗುರುತು ಹಾಕಿದರೆ ಅಂಕ ಹೋಯಿತು. ಅದು ನಾನ್‌ಆರೊಮ್ಯಾಟಿಕ್. ಲೆಕ್ಕದಲ್ಲಿ ತಪ್ಪಿಲ್ಲ, ಆ ಲೆಕ್ಕ ಈ ಅಣುವಿಗೆ ಅನ್ವಯಿಸುವುದೇ ಇಲ್ಲ. ರಸಾಯನಜ್ಞರಿಗೂ ಇದು ಒಂದೇ ದಿನದಲ್ಲಿ ತಿಳಿದದ್ದಲ್ಲ.

1865ರಲ್ಲಿ ಕೆಕುಲೆ ಬೆಂಜೀನ್‌ಗೆ ಆರು ಇಂಗಾಲಗಳ ಉಂಗುರ ಬರೆದ ಮೇಲೆ, ಒಂದು ಬಿಟ್ಟು ಒಂದು ಬರುವ ದ್ವಿಬಂಧಗಳಲ್ಲೇ ಅದರ ವಿಶೇಷ ಸ್ಥಿರತೆಯ ಗುಟ್ಟಿದೆ ಎಂಬ ಊಹೆ ಬಲವಾಯಿತು. ಹಾಗಿದ್ದರೆ ಎಂಟರ ಉಂಗುರವೂ ಬೆಂಜೀನ್‌ನಂತೆಯೇ ಇರಬೇಕಲ್ಲ? ಜರ್ಮನ್ ರಸಾಯನಜ್ಞ ರಿಚರ್ಡ್ ವಿಲ್‌ಸ್ಟೆಟರ್ ಅದನ್ನು ಮಾಡಿಯೇ ನೋಡಿದರು. ದಾಳಿಂಬೆ ಗಿಡದ ತೊಗಟೆಯಲ್ಲಿರುವ ಸ್ಯೂಡೊಪೆಲ್ಲೆಟಿಯರಿನ್ ಎಂಬ ಆಲ್ಕಲಾಯ್ಡ್‌ನಿಂದ ಹೊರಟು, ಹಲವು ಹಂತ ದಾಟಿ, 1911ರಲ್ಲಿ C₈H₈ ಕೈಗೆ ತಂದುಕೊಂಡರು. ಸಿಕ್ಕಿದ್ದು ಹಳದಿ ದ್ರವ. ಬೆಂಜೀನ್ ಸುಲಭಕ್ಕೆ ಮುಟ್ಟದ ಬ್ರೋಮಿನ್ ಅನ್ನು ಇದು ತಕ್ಷಣ ಹೀರಿಕೊಂಡಿತು, ಪರ್ಮಾಂಗನೇಟ್‌ನ ಬಣ್ಣ ಅಳಿಸಿತು. ಸಾಮಾನ್ಯ ಆಲ್ಕೀನ್ ಮಾಡುವುದೂ ಇದನ್ನೇ.

ಇದನ್ನು ನಂಬದವರೂ ಇದ್ದರು. ಅದೇ ಸೂತ್ರ ಸ್ಟೈರೀನ್‌ಗೂ ಇದೆ, ವಿಲ್‌ಸ್ಟೆಟರ್ ಮಾಡಿದ್ದು ಸ್ಟೈರೀನ್ ಇರಬೇಕು ಎಂಬ ಅನುಮಾನ ವರ್ಷಗಟ್ಟಲೆ ಉಳಿಯಿತು. ಜರ್ಮನಿಯ ಲುಡ್ವಿಗ್ಸ್‌ಹಾಫನ್‌ನಲ್ಲಿ ವಾಲ್ಟರ್ ರೆಪ್ಪೆ ನಿಕಲ್ ಕ್ಯಾಟಲಿಸ್ಟ್ ಬಳಸಿ ನಾಲ್ಕು ಅಸಿಟಿಲೀನ್ ಅಣುಗಳನ್ನು ನೇರವಾಗಿ ಉಂಗುರವಾಗಿಸಿದರು. ಅಮೆರಿಕದಲ್ಲಿ ಕೋಪ್ ಮತ್ತು ಓವರ್‌ಬರ್ಗರ್ ಹಳೆಯ ದಾಳಿಂಬೆ ದಾರಿಯನ್ನೇ ಮತ್ತೆ ನಡೆದು ನೋಡಿದರು. ವಿಲ್‌ಸ್ಟೆಟರ್ ಹೇಳಿದ್ದು ಸರಿಯಾಗಿತ್ತು. 1948ರ ಹೊತ್ತಿಗೆ ಎಕ್ಸ್-ರೇ ಚಿತ್ರಣದಲ್ಲಿ ಅಣುವಿನ ಆಕಾರವೂ ಕಂಡಿತು: ಚಪ್ಪಟೆಯಲ್ಲ, ತೊಟ್ಟಿಯಂತೆ ಬಾಗಿದೆ. ಬೆಂಜೀನ್‌ನಲ್ಲಿ ಆರೂ ಬಂಧಗಳು ಸುಮಾರು 1.39 ಆಂಗ್‌ಸ್ಟ್ರಮ್‌ನ ಒಂದೇ ಉದ್ದದವು. ಇಲ್ಲಿ 1.34ರ ಗಿಡ್ಡ ಬಂಧ, 1.47ರ ಉದ್ದ ಬಂಧ, ಒಂದಾದ ಮೇಲೊಂದು.

ಈ ಮಧ್ಯೆ 1931ರಲ್ಲಿ ಎರಿಕ್ ಹ್ಯೂಕೆಲ್ ಲೆಕ್ಕದ ಹಿಂದಿನ ಕಾರಣ ಕೊಟ್ಟಿದ್ದರು. ಚಪ್ಪಟೆ ಉಂಗುರದಲ್ಲಿ ಪೈ ಶಕ್ತಿಮಟ್ಟಗಳ ಪೈಕಿ ಎಲ್ಲಕ್ಕಿಂತ ಕೆಳಗಿನದು ಒಂಟಿ, ಅದರ ಮೇಲಿನವು ಜೋಡಿಜೋಡಿ. ಕೆಳಗಿನದಕ್ಕೆ ಎರಡು, ಪ್ರತಿ ಜೋಡಿಗೆ ನಾಲ್ಕು ಎಲೆಕ್ಟ್ರಾನ್ ಬೇಕು. ಹಾಗಾಗಿ 2, 6, 10 ಬಂದಾಗ ಮಟ್ಟಗಳು ಪೂರ್ತಿ ತುಂಬುತ್ತವೆ. 4 ಅಥವಾ 8 ಇದ್ದರೆ ಕೊನೆಯ ಜೋಡಿಯಲ್ಲಿ ತಲಾ ಒಂದೇ ಎಲೆಕ್ಟ್ರಾನ್, ಅಣು ಅಸ್ಥಿರ. ಇಂಥದ್ದಕ್ಕೆ ಆಂಟಿಆರೊಮ್ಯಾಟಿಕ್ ಎಂಬ ಹೆಸರನ್ನು 1960ರ ದಶಕದಲ್ಲಿ ರೊನಾಲ್ಡ್ ಬ್ರೆಸ್ಲೊ ಚಾಲ್ತಿಗೆ ತಂದರು. ಹ್ಯೂಕೆಲ್ ವಾದವೆಲ್ಲ ನಿಂತಿರುವುದು "ಚಪ್ಪಟೆ ಉಂಗುರ" ಎಂಬ ಷರತ್ತಿನ ಮೇಲೆ. ಪಕ್ಕಪಕ್ಕದ ಇಂಗಾಲಗಳ p ಆರ್ಬಿಟಲ್‌ಗಳು ಸಮಾನಾಂತರವಾಗಿ ನಿಂತರೆ ಮಾತ್ರ ಎಲೆಕ್ಟ್ರಾನ್‌ಗಳು ಉಂಗುರದ ಸುತ್ತ ಹರಡಲು ಸಾಧ್ಯ. ಅಣು ಬಾಗಿದರೆ ಆ ಕೊಂಡಿ ಕಡಿಯುತ್ತದೆ, ಆಗ ಉಳಿಯುವುದು ನಾಲ್ಕು ಬಿಡಿ ದ್ವಿಬಂಧಗಳು.

ಬಾಗಿದ್ದೇಕೆ ಎಂದರೆ ಪುಸ್ತಕಗಳು ಕೋನದ ಕಡೆ ಕೈ ತೋರಿಸುತ್ತವೆ. ಸಮ ಅಷ್ಟಭುಜದ ಕೋನ 135 ಡಿಗ್ರಿ, sp² ಇಂಗಾಲಕ್ಕೆ ಬೇಕಾದದ್ದು 120. ಇದು ನಿಜ, ಆದರೆ ಅರ್ಧ ಉತ್ತರ ಎಂದೇ ನನಗನಿಸುತ್ತದೆ. 1960ರಲ್ಲಿ ಥಾಮಸ್ ಕಾಟ್ಜ್ ಇದೇ ಅಣುವಿಗೆ ಪೊಟ್ಯಾಸಿಯಂ ಲೋಹದಿಂದ ಎರಡು ಎಲೆಕ್ಟ್ರಾನ್ ಸೇರಿಸಿದರು. ಎಂಟು ಹತ್ತಾಯಿತು, ಬಾಗಿದ್ದ ಉಂಗುರ ಚಪ್ಪಟೆಯಾಯಿತು, ಬಂಧಗಳೆಲ್ಲ ಒಂದೇ ಉದ್ದಕ್ಕೆ ಬಂದವು. ಕೋನ ಅದೇ 135. ಅಂದರೆ ಚಪ್ಪಟೆಯಾಗುವುದರಿಂದ ಲಾಭವಿದ್ದರೆ ಉಂಗುರ ಆ ಬಿಗಿತವನ್ನು ಸಹಿಸುತ್ತದೆ. ಎಂಟು ಎಲೆಕ್ಟ್ರಾನ್ ಇರುವಾಗ ಲಾಭವೇ ಇಲ್ಲ, ಬಾಗಿ ತಪ್ಪಿಸಿಕೊಳ್ಳುತ್ತದೆ.

ಸೈಕ್ಲೊಬ್ಯೂಟಡೈಈನ್‌ಗೆ ಆ ದಾರಿಯಿಲ್ಲ. ನಾಲ್ಕೇ ಇಂಗಾಲಗಳ ಪುಟ್ಟ ಉಂಗುರ, ಬಾಗಲು ಜಾಗವಿಲ್ಲ. ಚೌಕ ಬಿಟ್ಟು ಆಯತವಾಗಿ ತುಸು ಸುಧಾರಿಸಿಕೊಳ್ಳುತ್ತದೆ, ಅಷ್ಟೆ. ಘನೀಭವಿಸಿದ ಆರ್ಗಾನ್‌ನಲ್ಲಿ ಹಿಡಿದಿಟ್ಟರೆ ಉಳಿಯುತ್ತದೆ, ತುಸು ಬೆಚ್ಚಗಾದರೂ ಎರಡೆರಡು ಅಣುಗಳು ಕೂಡಿಕೊಂಡುಬಿಡುತ್ತವೆ. ನಿಜವಾದ ಆಂಟಿಆರೊಮ್ಯಾಟಿಕ್ ಇದು.

ಇದರ ಉಲ್ಟಾ ಪ್ರಕರಣವೂ ಇದೆ. ಹತ್ತು ಇಂಗಾಲ, ಹತ್ತು ಪೈ ಎಲೆಕ್ಟ್ರಾನ್‌ಗಳ [10]ಆನ್ಯುಲೀನ್ ಲೆಕ್ಕದಲ್ಲಿ ಪಾಸು. ಆದರೆ ಕೋನಗಳನ್ನು ಹೊಂದಿಸಲು ಎರಡು ದ್ವಿಬಂಧಗಳನ್ನು ಟ್ರಾನ್ಸ್ ಮಾಡಿದರೆ ಒಳಗಿನ ಎರಡು ಹೈಡ್ರೋಜನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಉಂಗುರ ತಿರುಚಿಕೊಳ್ಳುತ್ತದೆ, ಆರೊಮ್ಯಾಟಿಕ್ ಆಗುವುದಿಲ್ಲ. 1964ರಲ್ಲಿ ಎಮಾನ್ಯುಯೆಲ್ ಫೋಗೆಲ್ ಆ ಎರಡು ಹೈಡ್ರೋಜನ್‌ಗಳನ್ನು ತೆಗೆದು, ಅಲ್ಲಿ ಒಂದು CH₂ ಸೇತುವೆ ಕಟ್ಟಿದರು. ಉಂಗುರ ಹೆಚ್ಚುಕಡಿಮೆ ಚಪ್ಪಟೆಯಾಯಿತು. ಎನ್‌ಎಂಆರ್‌ನಲ್ಲಿ ಉಂಗುರದ ಹೈಡ್ರೋಜನ್‌ಗಳು ಬೆಂಜೀನ್‌ನವುಗಳ ಹತ್ತಿರ, 7ರ ಆಸುಪಾಸಿನಲ್ಲಿ ಕಾಣಿಸಿಕೊಂಡವು. ಸೇತುವೆಯ ಹೈಡ್ರೋಜನ್‌ಗಳು ಸೊನ್ನೆಗೂ ಕೆಳಗೆ, -0.5ರ ಬಳಿ ಸಿಕ್ಕವು. ಉಂಗುರದ ಸುತ್ತ ಎಲೆಕ್ಟ್ರಾನ್‌ಗಳ ಹರಿವಿದ್ದರೆ ಮಾತ್ರ ಹೀಗೆ ಕಾಣುತ್ತದೆ.